ನಾಲ್ಕು ಅಂಕಿಗಳ ಪಟ್ಟಿ ಏನನ್ನು ಹೇಳಬಲ್ಲದು? ಕೇಸ್-ಕಂಟ್ರೋಲ್ ಅಧ್ಯಯನದಲ್ಲಿ ಸಾಪೇಕ್ಷ ಅಪಾಯ ಮತ್ತು ಆಡ್ಸ್ ಅನುಪಾತ

1950ರ ಸೆಪ್ಟೆಂಬರ್ 30ರಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಲೇಖನವೊಂದು ಪ್ರಕಟವಾಯಿತು. ಲಂಡನ್ನಿನ ಇಪ್ಪತ್ತು ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ದಾಖಲಾಗಿದ್ದ 709 ರೋಗಿಗಳನ್ನೂ, ಬೇರೆ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರಿದ್ದ ಅಷ್ಟೇ ಜನರನ್ನೂ ಮಾತನಾಡಿಸಿ, ಅವರ ಧೂಮಪಾನದ ಅಭ್ಯಾಸವನ್ನು ಕೇಳಿ ಬರೆದುಕೊಳ್ಳಲಾಗಿತ್ತು. ಒಂದು ವರ್ಷದಷ್ಟು ಕಾಲ ದಿನಕ್ಕೊಂದು ಸಿಗರೇಟಾದರೂ ಸೇದಿದವರೆಲ್ಲ ಅಲ್ಲಿ ‘ಸೇದುವವರು’. ಅದರಲ್ಲಿ ಗಂಡಸರ ಲೆಕ್ಕ ಹೀಗಿದೆ:

| | ಕ್ಯಾನ್ಸರ್ ರೋಗಿಗಳು | ಹೋಲಿಕೆಯ ರೋಗಿಗಳು |
|---|---|---|
| ಸೇದುವವರು | 647 | 622 |
| ಸೇದದವರು | 2 | 27 |

ಈ ಪಟ್ಟಿಯನ್ನು ಕಂಡ ಯಾರಿಗಾದರೂ ಮೊದಲು ಬರುವ ಪ್ರಶ್ನೆ, ಸೇದುವವನಿಗೆ ಸೇದದವನಿಗಿಂತ ಎಷ್ಟು ಪಟ್ಟು ಹೆಚ್ಚು ಅಪಾಯ ಎಂಬುದು. ಅದನ್ನು ತಿಳಿಯಲು ಹೆಚ್ಚಿನವರು ಪಟ್ಟಿಯನ್ನು ಅಡ್ಡಲಾಗಿ ಓದುತ್ತಾರೆ. ಸೇದುವವರು ಒಟ್ಟು 1269, ಅವರಲ್ಲಿ 647 ಮಂದಿಗೆ ಕ್ಯಾನ್ಸರ್, ಅಂದರೆ ಶೇ. 51. ಸೇದದವರು 29, ಅವರಲ್ಲಿ ಇಬ್ಬರಿಗೆ, ಅಂದರೆ ಶೇ. 6.9. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 7.4 ಬರುತ್ತದೆ. ಸಾಪೇಕ್ಷ ಅಪಾಯ ಸುಮಾರು ಏಳೂವರೆ ಪಟ್ಟು ಎಂದು ಬರೆದು ಮುಗಿಸಿಬಿಡಬಹುದು ಎನಿಸುತ್ತದೆ. ಆದರೆ ಈ ಲೆಕ್ಕ ತಪ್ಪು.

ಶೇ. 51 ಎಂಬ ಅಂಕಿಯನ್ನೇ ನೋಡಿ. ಲಂಡನ್ನಿನಲ್ಲಿ ಸಿಗರೇಟು ಸೇದುವ ಗಂಡಸರಲ್ಲಿ ಅರ್ಧದಷ್ಟು ಜನಕ್ಕೆ ಶ್ವಾಸಕೋಶದ ಕ್ಯಾನ್ಸರ್ ಇತ್ತೇ? ಖಂಡಿತ ಇರಲಿಲ್ಲ. ಒಬ್ಬ ಕ್ಯಾನ್ಸರ್ ರೋಗಿಗೆ ಒಬ್ಬ ಹೋಲಿಕೆಯ ರೋಗಿ ಎಂದು ಸಂಶೋಧಕರೇ ತೀರ್ಮಾನಿಸಿದ್ದರಿಂದ ಆ ಅರ್ಧ ಬಂದಿದೆ. ಅದು ರೋಗದ ಗುಣವಲ್ಲ, ಅಧ್ಯಯನದ ಏರ್ಪಾಡು.

ಏರ್ಪಾಡನ್ನು ಸ್ವಲ್ಪ ಬದಲಿಸಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಒಬ್ಬ ರೋಗಿಗೆ ಹತ್ತು ಹೋಲಿಕೆಯವರನ್ನು ತೆಗೆದುಕೊಂಡಿದ್ದರು, ಅವರ ಅಭ್ಯಾಸದ ಪ್ರಮಾಣ ಹಾಗೆಯೇ ಇತ್ತು ಎಂದಿಟ್ಟುಕೊಳ್ಳೋಣ. ಆಗ ಬಲಗಡೆಯ ಅಂಕಣದಲ್ಲಿ 6220 ಮತ್ತು 270 ಇರುತ್ತಿದ್ದವು. ಅದೇ ಅಡ್ಡ ಲೆಕ್ಕ ಈಗ 647/6867 ಮತ್ತು 2/272 ಎಂದಾಗುತ್ತದೆ. ಅನುಪಾತ 12.8. ರೋಗ ಅದೇ, ಸಿಗರೇಟು ಅದೇ, ಜನರೂ ಅಂಥವರೇ. ಆದರೂ ‘ಅಪಾಯ’ 7.4ರಿಂದ 12.8ಕ್ಕೆ ಏರಿತು. ಸಂಶೋಧಕರ ಅನುಕೂಲಕ್ಕೆ ತಕ್ಕಂತೆ ಬದಲಾಗುವ ಸಂಖ್ಯೆಯನ್ನು ಅಪಾಯ ಎಂದು ಕರೆಯಲಾಗದು.

ಈಗ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದೋಣ. ಕ್ಯಾನ್ಸರ್ ರೋಗಿಗಳಲ್ಲಿ ಸೇದದ ಇಬ್ಬರಿಗೆ ಸೇದುವವರು 647. ಹೋಲಿಕೆಯವರಲ್ಲಿ ಸೇದದ 27 ಮಂದಿಗೆ 622. ಈ ಎರಡು ಪ್ರಮಾಣಗಳೇ ಆಡ್ಸ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವುದು ಆಡ್ಸ್ ಅನುಪಾತ. ಮೂಲೆಯಿಂದ ಮೂಲೆಗೆ ಗುಣಿಸಿದರೂ ಅದೇ ಬರುತ್ತದೆ: (647 × 27) ÷ (622 × 2) = 14.04. ಹೋಲಿಕೆಯವರನ್ನು ಹತ್ತು ಪಟ್ಟು ಮಾಡಿದರೂ ಇದು 14.04 ಆಗಿಯೇ ಉಳಿಯುತ್ತದೆ, ಏಕೆಂದರೆ ಮೇಲೂ ಕೆಳಗೂ ಅದೇ ಹತ್ತು ಬಂದು ಹೊಡೆದುಹೋಗುತ್ತದೆ.

ಆದರೆ ಬದಲಾಗದಿರುವುದೊಂದೇ ಸಾಕೇ? ಈ 14ಕ್ಕೂ ವೈದ್ಯರಿಗೂ ರೋಗಿಗೂ ಬೇಕಾದ ಅಪಾಯಕ್ಕೂ ಏನು ಸಂಬಂಧ? ಇದಕ್ಕೆ ಉತ್ತರ ಕೊಟ್ಟವರು ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಜೆರೋಮ್ ಕಾರ್ನ್‌ಫೀಲ್ಡ್. ಅವರು ಇತಿಹಾಸದಲ್ಲಿ ಪದವಿ ಪಡೆದು ಸಂಖ್ಯಾಶಾಸ್ತ್ರಕ್ಕೆ ಬಂದವರು. 1951ರಲ್ಲಿ ಆ ಸಂಸ್ಥೆಯ ಜರ್ನಲ್‌ನಲ್ಲಿ ಅವರು ಬರೆದ ಲೇಖನದ ತಿರುಳು ಸರಳ. ಇಡೀ ಊರಿನಲ್ಲಿ ಸೇದುವವರ ಅಪಾಯವೆಂದರೆ, ಸೇದುವ ರೋಗಿಗಳನ್ನು ಸೇದುವ ಎಲ್ಲರಿಂದ ಭಾಗಿಸಿದ ಫಲ. ರೋಗ ವಿರಳವಾಗಿದ್ದರೆ ‘ಸೇದುವ ಎಲ್ಲರೂ’ ಎಂಬುದಕ್ಕೂ ‘ಸೇದುವ ನಿರೋಗಿಗಳು’ ಎಂಬುದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಸೇದದವರಲ್ಲೂ ಹಾಗೆಯೇ. ಆಗ ಎರಡು ಅಪಾಯಗಳ ಅನುಪಾತವೂ ಆಡ್ಸ್ ಅನುಪಾತವೂ ಹತ್ತಿರ ಹತ್ತಿರ ಒಂದೇ ಆಗುತ್ತವೆ. ಮೇಲಿನ ಪ್ರಯೋಗದಲ್ಲೇ ಇದು ಕಾಣುತ್ತದೆ: ಪಟ್ಟಿಯಲ್ಲಿ ರೋಗ ವಿರಳವಾದಷ್ಟೂ ಅಡ್ಡ ಲೆಕ್ಕ 7.4ರಿಂದ 12.8ಕ್ಕೆ, ಅಲ್ಲಿಂದ 14ರ ಕಡೆಗೆ ಸರಿಯುತ್ತದೆ.

ಈ ತರ್ಕವನ್ನು ಬೇರೊಂದು ದಾರಿಯಿಂದ ಪರೀಕ್ಷಿಸಿ ನೋಡಲೂ ಸಾಧ್ಯವಾಯಿತು. ಡಾಲ್ ಮತ್ತು ಹಿಲ್ 1951ರಲ್ಲಿ ಬ್ರಿಟಿಷ್ ವೈದ್ಯರಿಗೇ ಪ್ರಶ್ನಾವಳಿ ಕಳಿಸಿ, ಉತ್ತರಿಸಿದವರ ಸಾವುಗಳನ್ನು ವರ್ಷ ವರ್ಷವೂ ದಾಖಲಿಸುತ್ತ ಹೋದರು. ಇದು ಮುಂದಕ್ಕೆ ನೋಡುವ ಅಧ್ಯಯನವಾದ್ದರಿಂದ ಅಪಾಯವನ್ನು ನೇರವಾಗಿ ಅಳೆಯಬಹುದಿತ್ತು. 1976ರಲ್ಲಿ ಡಾಲ್ ಮತ್ತು ರಿಚರ್ಡ್ ಪೀಟೊ ಪ್ರಕಟಿಸಿದ ಇಪ್ಪತ್ತು ವರ್ಷಗಳ ವರದಿಯ ಪ್ರಕಾರ, ವರ್ಷಕ್ಕೆ ಲಕ್ಷ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಸೇದದವರಲ್ಲಿ 10, ಸಿಗರೇಟು ಸೇದುವವರಲ್ಲಿ 140. ಅನುಪಾತ 14. ಎರಡೂ ಅಧ್ಯಯನಗಳಲ್ಲಿ ‘ಸೇದುವವರು’ ಎಂಬುದರ ವ್ಯಾಖ್ಯೆ ಬೇರೆ, ಜನವರ್ಗವೂ ಬೇರೆ. ಇಷ್ಟು ಕರಾರುವಾಕ್ಕಾಗಿ ಹೊಂದಿದ್ದರಲ್ಲಿ ಆಕಸ್ಮಿಕದ ಪಾಲೂ ಇದೆ ಎಂದೇ ನನ್ನ ಅಭಿಪ್ರಾಯ. ಆದರೆ 7.4 ಅಲ್ಲ, 14ರ ಆಸುಪಾಸೇ ಸರಿ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಆಕಸ್ಮಿಕದ ಮಾತೆತ್ತಲು ಕಾರಣ ಪಟ್ಟಿಯ ಆ ‘2’. 1955ರಲ್ಲಿ ಬಾರ್ನೆಟ್ ವೂಲ್ಫ್ ಕೊಟ್ಟ ವಿಧಾನದಲ್ಲಿ, ಆಡ್ಸ್ ಅನುಪಾತದ ಲಾಗರಿದಮ್ಮಿನ ಅನಿಶ್ಚಿತತೆಯನ್ನು ನಾಲ್ಕು ಅಂಕಿಗಳ ವಿಲೋಮಗಳನ್ನು ಕೂಡಿಸಿ ವರ್ಗಮೂಲ ತೆಗೆದು ಪಡೆಯುತ್ತಾರೆ:

```
√(1/647 + 1/622 + 1/2 + 1/27) ≈ 0.735
```

ಮೊತ್ತ 0.54, ಅದರಲ್ಲಿ 0.5 ಆ ಇಬ್ಬರಿಂದಲೇ ಬಂದದ್ದು. ಶೇ. 95ರ ವಿಶ್ವಾಸ ವ್ಯಾಪ್ತಿ ಸುಮಾರು 3.3ರಿಂದ 59ರವರೆಗೆ ಹರಡುತ್ತದೆ. ಸಾವಿರದ ಇನ್ನೂರಕ್ಕೂ ಹೆಚ್ಚು ಗಂಡಸರನ್ನು ಮಾತನಾಡಿಸಿದ್ದರೂ ಫಲಿತಾಂಶದ ನಿಖರತೆ ಇಬ್ಬರ ಮೇಲೆ ನಿಂತಿದೆ. ಅತಿ ಸಣ್ಣ ಅಂಕಿಯನ್ನು ಮೊದಲು ನೋಡುವುದು ಇಂಥ ಪಟ್ಟಿಗಳನ್ನು ಓದುವವರಿಗೆ ಇರಬೇಕಾದ ಅಭ್ಯಾಸ.

ಗಣಿತ ಸರಿಪಡಿಸಲಾಗದ ದೋಷವೂ ಒಂದಿದೆ. ಹೋಲಿಕೆಯವರು ತಮ್ಮ ಊರಿನ ಜನರ ಅಭ್ಯಾಸವನ್ನು ಪ್ರತಿನಿಧಿಸಬೇಕು. ಆಸ್ಪತ್ರೆಯ ಇತರ ರೋಗಿಗಳಲ್ಲಿ ಕೆಲವರು ಧೂಮಪಾನದಿಂದಲೇ ಕಾಯಿಲೆ ಬಿದ್ದವರಾಗಿದ್ದರೆ 622 ಹಿಗ್ಗುತ್ತದೆ, ಅನುಪಾತ ಕುಗ್ಗುತ್ತದೆ. ಕೇಳುವವರ ಪೂರ್ವಗ್ರಹದ ಪ್ರಶ್ನೆಯೂ ಇತ್ತು. ಡಾಲ್ ಮತ್ತು ಹಿಲ್ ಅದಕ್ಕೊಂದು ಒಳ್ಳೆಯ ಪರೀಕ್ಷೆ ಕಂಡುಕೊಂಡರು: ಮಾತನಾಡಿಸುವಾಗ ಶ್ವಾಸಕೋಶದ ಕ್ಯಾನ್ಸರ್ ಎಂದು ಭಾವಿಸಲಾಗಿದ್ದು, ಆಮೇಲೆ ಅಲ್ಲವೆಂದು ಗೊತ್ತಾದವರನ್ನು ಬೇರ್ಪಡಿಸಿ ನೋಡಿದರು. ಅವರ ಅಭ್ಯಾಸ ಕ್ಯಾನ್ಸರ್ ರೋಗಿಗಳನ್ನಲ್ಲ, ಹೋಲಿಕೆಯವರನ್ನೇ ಹೋಲುತ್ತಿತ್ತು.

ನಮ್ಮ ಬೆಂಗಳೂರಿನಲ್ಲೂ ಕೇಸ್-ಕಂಟ್ರೋಲ್ ವಿಧಾನಕ್ಕೆ ಮುಖ್ಯವಾದ ನಿದರ್ಶನವಿದೆ. ಬಾಯಿ ಕ್ಯಾನ್ಸರ್ ಕುರಿತು 1990ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಕ್ಯಾನ್ಸರ್‌ನಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿನ ಕ್ಯಾನ್ಸರ್ ನೋಂದಣಿಯಿಂದ 348 ರೋಗಿಗಳನ್ನು ತೆಗೆದುಕೊಂಡು, ಹೋಲಿಕೆಯವರನ್ನು ಆಸ್ಪತ್ರೆಯಿಂದಲ್ಲ, ಅದೇ ಬಡಾವಣೆಗಳಿಂದ ಆರಿಸಿತು. ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ ಮೆಲ್ಲುವವರಿಗೆ ಅದು ಕೊಟ್ಟ ಅಂಕಿಯ ಹೆಸರು ‘ಸಾಪೇಕ್ಷ ಅಪಾಯ’. ಅಧ್ಯಯನದ ಬಗೆಯನ್ನು ನೋಡಿದರೆ ಅದು ಆಡ್ಸ್ ಅನುಪಾತವೇ. ಬಾಯಿ ಕ್ಯಾನ್ಸರ್ ಜನಸಂಖ್ಯೆಯಲ್ಲಿ ವಿರಳವಾದ್ದರಿಂದ ಆ ಹೆಸರಿನಿಂದ ಹಾನಿಯಿಲ್ಲ.

ಹಾನಿಯಾಗುವುದು ಘಟನೆ ವಿರಳವಲ್ಲದಾಗ. 1999ರಲ್ಲಿ ಅಮೆರಿಕದ ಒಂದು ಅಧ್ಯಯನ (ಇದು ಕೇಸ್-ಕಂಟ್ರೋಲ್ ಅಲ್ಲ) ಎದೆನೋವಿನ ರೋಗಿಗಳಾಗಿ ನಟಿಸಿದವರಲ್ಲಿ ಯಾರಿಗೆ ವೈದ್ಯರು ಹೃದಯದ ಕ್ಯಾಥೆಟರ್ ಪರೀಕ್ಷೆ ಸೂಚಿಸುತ್ತಾರೆ ಎಂದು ನೋಡಿತು. ಬಿಳಿಯರಲ್ಲಿ ಶೇ. 90.6, ಕಪ್ಪುಜನರಲ್ಲಿ ಶೇ. 84.7. ಆಡ್ಸ್ ಅನುಪಾತ 0.6 ಎಂದಿದ್ದುದನ್ನು ಪತ್ರಿಕೆಗಳು ‘ಸಾಧ್ಯತೆ ಶೇ. 40 ಕಡಿಮೆ’ ಎಂದು ಬರೆದವು. ನಿಜವಾದ ಸಾಪೇಕ್ಷ ಪ್ರಮಾಣ 0.93, ಅಂದರೆ ಶೇ. 7 ಕಡಿಮೆ. ತಾರತಮ್ಯ ಶೇ. 7 ಇದ್ದರೂ ತಪ್ಪೇ, ಅದನ್ನು ಶೇ. 40 ಎಂದದ್ದು ಬೇರೊಂದು ತಪ್ಪು.

ಆರೋಗ್ಯದ ಸುದ್ದಿ ಬರೆಯುವವರಲ್ಲಿ ನನ್ನ ವಿನಂತಿ ಇಷ್ಟೆ: ಮೂಲ ಲೇಖನದಲ್ಲಿ ಆಡ್ಸ್ ಅನುಪಾತ ಎಂದಿದ್ದರೆ, ಆ ಕಾಯಿಲೆ ನೂರರಲ್ಲಿ ಎಷ್ಟು ಜನಕ್ಕೆ ಬರುತ್ತದೆ ಎಂಬುದನ್ನು ಮೊದಲು ಹುಡುಕಿ. ಅದು ಹತ್ತನ್ನು ಮೀರಿದ್ದರೆ ‘ಇಷ್ಟು ಪಟ್ಟು ಅಪಾಯ’ ಎಂದು ಬರೆಯಬೇಡಿ.