ಹಳೆಯ ದೀಪ, ದೈವದ ಮೊಗಗಳ ಆನ್‌ಲೈನ್ ಮಾರಾಟ

ಚಾರ್ಮಾಡಿ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆ ಮನೆಗಳ ಕಾಲುದೀಪ ಮತ್ತು ಪಂಜುರ್ಲಿಯಂಥ ದೈವಗಳ ಲೋಹದ ಮೊಗಗಳಿಗೆ ಸಂಗ್ರಾಹಕರಿದ್ದಾರೆ. ಮಾರುವ ಮೊದಲು ವಯಸ್ಸು ತಿಳಿಯಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಕಲಾಕೃತಿಯ ವ್ಯಾಪಾರಕ್ಕೆ ಪರವಾನಗಿ ಬೇಕು; ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಲೋಹಶಿಲ್ಪವಾದರೆ ನೋಂದಣಿಯೂ ಅಗತ್ಯ. ದೈವಸ್ಥಾನಕ್ಕೆ ಸೇರಿದ ಮೊಗವನ್ನು ಮನೆಯವರೊಬ್ಬರು ಮಾರುವುದು ಸಲ್ಲ.

ವಯಸ್ಸು ಅಂದಾಜಿಸುವ ಬಗೆಗೆ ಕಾಲುದೀಪವೊಂದನ್ನು ನೋಡೋಣ. ನಿಜವಾಗಿ ಬಳಸಿದ್ದರೆ ಕೈ ಹಿಡಿಯುವ ಕಂಬ ನುಣುಪಾಗಿ ಸವೆದಿರುತ್ತದೆ, ಎಣ್ಣೆಜಿಡ್ಡು ಸಂದುಗಳಲ್ಲಿ ಕೂತಿರುತ್ತದೆ. ಆಮ್ಲ ಬಳಿದು ಹಳತು ಮಾಡಿದ್ದರಲ್ಲಿ ಹಸಿರು ಬಣ್ಣ ಎಲ್ಲೆಡೆ ಒಂದೇ ತೆರನಾಗಿದ್ದು, ಉಜ್ಜಿದರೆ ಪುಡಿಯಾಗಿ ಬರಬಹುದು. ಇದು ಸುಳಿವಷ್ಟೇ, ಪೂರ್ಣ ಪುರಾವೆಯಲ್ಲ.

ಆನ್‌ಲೈನ್‌ನಲ್ಲಿ ಹಾಕುವ ವಿವರಣೆಯಲ್ಲಿ ಎತ್ತರ, ತೂಕ, ಬಿರುಕು, ಬೆಸುಗೆ, ಬದಲಾಯಿಸಿದ ಭಾಗ ಬರೆದು, ಬುಡದ ಒಳಭಾಗದ ಚಿತ್ರವನ್ನೂ ಹಾಕಬೇಕು. ಹುಣಸೆಹುಳಿ ಹಚ್ಚಿ ತಿಕ್ಕಬಾರದು. ಹಳೆಯ ಹೊರಪದರ ಹೋದರೆ ಬೆಲೆಯೂ ಇಳಿಯುತ್ತದೆ.

ಇಂಥದೇ ದೀಪಗಳು ಮಾರಾಟವಾದ ಬೆಲೆ ಗೊತ್ತಿದ್ದರೆ ನಿಗದಿತ ಬೆಲೆಯೇ ಸರಿ. ಅಪರೂಪದ್ದಾಗಿದ್ದು, ಕೊಳ್ಳಲು ಇಬ್ಬರಾದರೂ ಪೈಪೋಟಿಗಿಳಿಯುವಂತಿದ್ದರೆ ಹರಾಜು ಲಾಭ. ಆಗಲೂ ಕನಿಷ್ಠ ಬೆಲೆ ಇಡದಿದ್ದರೆ ಒಬ್ಬನೇ ಬಿಡ್‌ದಾರ ಅದನ್ನು ಗುಜರಿ ದರಕ್ಕೆ ಒಯ್ಯಬಹುದು.