ಪತ್ರಕರ್ತರ ಸ್ವವಿವರ: ಕೊಂಡಿ, ಓದುಗರ ಸಂಖ್ಯೆ ಮತ್ತು ಪರಿಣತಿ

ಪತ್ರಕರ್ತರ ಸ್ವವಿವರವನ್ನು ಸಂಪಾದಕರು ಓದುವುದಕ್ಕಿಂತ ಹೆಚ್ಚಾಗಿ ಪರೀಕ್ಷಿಸುತ್ತಾರೆ. ಕೊಂಡಿ ತೆರೆಯುತ್ತದೆಯೇ, ಸಂಖ್ಯೆ ಯಾರದ್ದು, ಹೇಳಿಕೊಂಡ ಪರಿಣತಿಗೆ ಬರಹದ ಆಧಾರವಿದೆಯೇ ಎಂಬುದನ್ನು ಅವರು ನೋಡುತ್ತಾರೆ.

ಹುಬ್ಬಳ್ಳಿಯಲ್ಲಿ ಆರು ವರ್ಷ ದುಡಿದ ವರದಿಗಾರರೊಬ್ಬರನ್ನು ಕಲ್ಪಿಸಿಕೊಳ್ಳೋಣ. 'ಪರಿಣತಿ: ರಾಜಕೀಯ, ಕ್ರೀಡೆ, ಸಿನಿಮಾ, ನೀರಾವರಿ. ಓದುಗರು: 10 ಲಕ್ಷ' ಎಂದು ಅವರು ಬರೆದಿದ್ದಾರೆ. ಆದರೆ ಅವರು ಲಗತ್ತಿಸಿದ ಐದು ವರದಿಗಳ ಪೈಕಿ ನಾಲ್ಕು ಕುಡಿಯುವ ನೀರಿನ ಕುರಿತಾದವು. ಆದ್ದರಿಂದ 'ನಗರ ನೀರು ಸರಬರಾಜು, ನೀರಾವರಿ' ಎಂದಷ್ಟೇ ಬರೆದು, ಅದರ ಕೆಳಗೆ ಆ ನಾಲ್ಕನ್ನು ಜೋಡಿಸುವುದು ಸೂಕ್ತ.

10 ಲಕ್ಷ ಎಂಬುದು ಪತ್ರಿಕೆಯ ಓದುಗರ ಸಂಖ್ಯೆಯೇ ಹೊರತು ವರದಿಗಾರರದ್ದಲ್ಲ. ಎಬಿಸಿ ಸಂಸ್ಥೆ ಪ್ರಮಾಣೀಕರಿಸುವುದು ಪ್ರತಿಗಳ ಪ್ರಸಾರವನ್ನು; ಒಂದು ಪ್ರತಿಯನ್ನು ಹಲವರು ಓದುವುದರಿಂದ ಓದುಗರ ಸಂಖ್ಯೆಯನ್ನು ಸಮೀಕ್ಷೆಯಿಂದ ಅಂದಾಜಿಸಲಾಗುತ್ತದೆ. ಈ ಅಂಕಿಯನ್ನು ಪತ್ರಿಕೆಯ ಪರಿಚಯದ ಸಾಲಿನಲ್ಲಿ, ವರ್ಷಸಹಿತ ನೀಡಬಹುದು.

ಅಂತರ್ಜಾಲದ ಬರಹಕ್ಕೆ ಪ್ರತ್ಯೇಕ ಲೆಕ್ಕವಿದೆ. ಒಬ್ಬರೇ ಒಂದು ವರದಿಯನ್ನು ಎರಡು ಬಾರಿ ತೆರೆದರೆ ಪುಟವೀಕ್ಷಣೆ ಎರಡು, ಓದುಗ ಒಬ್ಬರೇ. ಐದು ವರದಿಗಳಿಗೆ ತಲಾ 8,000 ಓದುಗರಿದ್ದರೆ ಒಟ್ಟು 40,000 ಎನ್ನುವಂತಿಲ್ಲ; ಒಬ್ಬರೇ ಹಲವು ವರದಿಗಳನ್ನು ಓದಿರಬಹುದು. 'ಮೊದಲ 30 ದಿನಗಳಲ್ಲಿ 8,000 ಓದುಗರು, ಗೂಗಲ್ ಅನಲಿಟಿಕ್ಸ್' ಎಂದು ಅವಧಿ ಮತ್ತು ಮೂಲದೊಂದಿಗೆ ಬರೆದ ಸಂಖ್ಯೆ ಪ್ರಶ್ನೆಗೆ ನಿಲ್ಲುತ್ತದೆ. ಆಂತರಿಕ ಅಂಕಿಗಳನ್ನು ಹೊರಗೆ ನೀಡಲು ಸಂಸ್ಥೆಯ ಅನುಮತಿ ಪಡೆಯಬೇಕು. ಅನುಮತಿ ದೊರೆತ ಅಂಕಿಗಳನ್ನು ಆಗಾಗ ಬರೆದಿಟ್ಟುಕೊಳ್ಳಬೇಕು. ಗೂಗಲ್‌ನ ಹಳೆಯ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈನಲ್ಲಿ ಹೊಸ ಲೆಕ್ಕ ದಾಖಲಿಸುವುದನ್ನು ನಿಲ್ಲಿಸಿತು. 2024ರ ಜುಲೈನಿಂದ ಅದರ ಹಳೆಯ ಅಂಕಿಗಳೂ ಕೈಗೆಟುಕದಾದವು.

ಕೊಂಡಿಯನ್ನು ಜಾಲತಾಣದ ಮುಖಪುಟಕ್ಕಲ್ಲ, ನೇರವಾಗಿ ವರದಿಗೇ ನೀಡಬೇಕು. ಜಾಲತಾಣದ ವಿಳಾಸ ಬದಲಾದರೆ ಅಥವಾ ಅದು ಮುಚ್ಚಿದರೆ ಕೊಂಡಿ ಸತ್ತುಹೋಗುತ್ತದೆ. ಆದುದರಿಂದ ವರದಿ ಪ್ರಕಟವಾದ ದಿನವೇ web.archive.org/save ವಿಳಾಸದಲ್ಲಿ ಪ್ರತಿಯೊಂದನ್ನು ಉಳಿಸಿ, ಮುದ್ರಿತ ಪುಟವನ್ನು ಪಿಡಿಎಫ್ ರೂಪದಲ್ಲಿ ಇಟ್ಟುಕೊಳ್ಳುವುದು ಒಳಿತು. ಸ್ವವಿವರ ಕಳುಹಿಸುವ ಮುನ್ನ, ಲಾಗಿನ್ ಆಗದ ಬೇರೊಂದು ಕಂಪ್ಯೂಟರಿನಲ್ಲಿ ಎಲ್ಲ ಕೊಂಡಿಗಳನ್ನೂ ತೆರೆದು ನೋಡಬೇಕು. ಚಂದಾದಾರರಿಗೆ ಮಾತ್ರ ಕಾಣುವ ವರದಿಯಾದರೆ ಈ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಕನ್ನಡ ದಿನಪತ್ರಿಕೆಗಳಲ್ಲಿ ಅನೇಕ ವರದಿಗಳು 'ನಮ್ಮ ಪ್ರತಿನಿಧಿಯಿಂದ' ಎಂದೇ ಪ್ರಕಟವಾಗುತ್ತವೆ. ಅಂಥ ವರದಿಯ ಪಕ್ಕದಲ್ಲಿ 'ಹೆಸರಿಲ್ಲದೆ ಪ್ರಕಟಿತ. ದತ್ತಾಂಶ ಸಂಗ್ರಹ ಮತ್ತು ಬರವಣಿಗೆ ನನ್ನದು' ಎಂದು ನಮೂದಿಸಿ, ಅದನ್ನು ದೃಢಪಡಿಸಬಲ್ಲ ಅಂದಿನ ಮುಖ್ಯ ವರದಿಗಾರರ ಹೆಸರನ್ನು ಅವರ ಒಪ್ಪಿಗೆ ಪಡೆದು ನೀಡಬೇಕು. ಈ ಸಾಲಿಲ್ಲದಿದ್ದರೆ ಅತ್ಯುತ್ತಮ ವರದಿಯೂ ಅಭ್ಯರ್ಥಿಯ ಲೆಕ್ಕಕ್ಕೆ ಬಾರದು.