ಸೆಂಡಾಫ್

ಮೇ 31ರಂದು ಕುಮಟೆಯಿಂದ ಭಟ್ಕಳದವರೆಗೆ ಎಷ್ಟೋ ಶಾಲೆಗಳಲ್ಲಿ, ಕಚೇರಿಗಳಲ್ಲಿ ಒಂದೇ ಮಾತು: ಸೆಂಡಾಫ್. ರಾಜ್ಯ ಸರ್ಕಾರಿ ನೌಕರರು 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ, ಒಂದನೇ ತಾರೀಖಿಗೆ ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೆ. ಹಿಂದೆಲ್ಲ ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ 1 ಎಂದು ಬರೆಸಿಬಿಡುತ್ತಿದ್ದರು. ಹಾಗೆ ಬರೆಸಿಕೊಂಡವರೆಲ್ಲ ಮೇ 31ಕ್ಕೆ ಒಟ್ಟಿಗೆ ಮನೆಗೆ ಹೊರಡುತ್ತಾರೆ. 'ಅಕ್ಕೋರ ಸೆಂಡಾಫ್ ಎಷ್ಟ್ ಗಂಟೆಗೆ?' ಎಂದು ಕೇಳುವವರಿಗೆ ಅದು ಇಂಗ್ಲಿಷ್ ಪದ ಎಂಬ ನೆನಪೂ ಇರುವುದಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ 'ಬೀಳ್ಕೊಡುಗೆ ಸಮಾರಂಭ' ಎಂದಿರುತ್ತದೆ. ಅದು ತೂಕದ ಪದ. ಹೊರಟವರು ಬೀಳ್ಕೊಳ್ಳುತ್ತಾರೆ, ಉಳಿದವರು ಬೀಳ್ಕೊಡುತ್ತಾರೆ. ಒಬ್ಬರು ಅಪ್ಪಣೆ ಪಡೆಯುವುದು, ಇನ್ನೊಬ್ಬರು ಕೊಡುವುದು, ಎರಡೂ ಅದರಲ್ಲಿದೆ. ಸುದ್ದಿಪತ್ರಿಕೆಯ ತಲೆಬರಹದ 'ವಿದಾಯ' ಸಂಸ್ಕೃತದಂತೆ ಕಂಡರೂ ಅರಬಿ ಮೂಲದಿಂದ ಹಿಂದಿಯ ದಾರಿಯಲ್ಲಿ ಬಂದದ್ದು. ರಂಜಾನಿನ ಕೊನೆಯ ಶುಕ್ರವಾರವನ್ನು ಭಟ್ಕಳದಲ್ಲಿ ಅಲ್ವಿದಾ ಎನ್ನುತ್ತಾರಲ್ಲ, ಅದರೊಳಗಿನ 'ವಿದಾ' ಇದೇ.

ಸೆಂಡಾಫ್‌ನಲ್ಲಿ ಇರುವುದು ಕಳಿಸುವವರ ಕೈ ಮಾತ್ರ. ಇಂಗ್ಲಿಷಿನಲ್ಲಿ ಅದಕ್ಕೆ ಇನ್ನೊಂದು ಬದುಕೂ ಇದೆ. ಫುಟ್‌ಬಾಲಿನಲ್ಲಿ ಕೆಂಪು ಕಾರ್ಡು ತೋರಿಸಿ ಆಟಗಾರನನ್ನು ಹೊರಗೆ ಕಳಿಸುವುದಕ್ಕೂ ಇದೇ ಮಾತು. ಕ್ರಿಕೆಟ್ಟಿನಲ್ಲಿ ಔಟಾದ ಬ್ಯಾಟ್ಸ್‌ಮನ್ನಿಗೆ ಬೌಲರು ಪೆವಿಲಿಯನ್ನಿನ ದಾರಿ ತೋರಿಸಿ ಕೆಣಕುವುದೂ ಸೆಂಡಾಫೇ. ಆದ್ದರಿಂದ ಕಾರ್ಯಕ್ರಮದ ಹೆಸರು ಸೆಂಡಾಫ್ ಎಂದೇ ಇರಲಿ, ಇಂಗ್ಲಿಷಿನಲ್ಲಿ ಭಾಷಣ ಮಾಡುವವರು 'ವಿ ಆರ್ ಸೆಂಡಿಂಗ್ ಯು ಆಫ್' ಎನ್ನಬಾರದು. 'ಟುಡೇ ಈಸ್ ಯುವರ್ ಲಾಸ್ಟ್ ಡೇ ವಿತ್ ಅಸ್' ಎಂದರೆ ಸಾಕು.

ಇಂಗ್ಲಿಷ್ ಭಾಷಣ ಯಾಕೆ ಬೇಕು ಎಂದರೆ, ಶಾಲೆಗೆ ಬೇಡ, ಬ್ಯಾಂಕಿಗೆ ಬೇಕು. ಕರಾವಳಿಯಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಕರಗಿದವು. ಈಗ ಒಡಿಶಾದವರು, ಬಿಹಾರದವರು, ಆಂಧ್ರದವರು ಇಲ್ಲಿಯ ಶಾಖೆಗಳಿಗೆ ಅಧಿಕಾರಿಗಳಾಗಿ ಬರುತ್ತಾರೆ, ಎರಡು ಮೂರು ವರ್ಷ ದುಡಿದು ವರ್ಗವಾಗುತ್ತಾರೆ. ಅವರನ್ನು ಕಳಿಸಿಕೊಡುವ ದಿನ, ಮನೆಯಲ್ಲಿ ಕೊಂಕಣಿಯನ್ನೋ ಹವ್ಯಕ ಕನ್ನಡವನ್ನೋ ನವಾಯತಿಯನ್ನೋ ಆಡುವ ಗುಮಾಸ್ತರಿಗೆ 'ನೀವೇ ಎರಡು ಮಾತಾಡಿ' ಎಂಬ ಅಪ್ಪಣೆ ಬರುತ್ತದೆ.

ಹೊನ್ನಾವರದ ಒಂದು ಶಾಖೆ ಎಂದಿಟ್ಟುಕೊಳ್ಳಿ. ಒಡಿಶಾದ ಅಧಿಕಾರಿಯೊಬ್ಬರಿಗೆ ವರ್ಗವಾಗಿದೆ. ನಿಮಗೆ ಸಿಕ್ಕಿರುವುದು ಎರಡು ನಿಮಿಷ. ನಿಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದ ಸರಿಹೋಗುತ್ತದೆ, ಅಂದರೆ ಇನ್ನೂರರೊಳಗೆ ಮುಗಿಸಬೇಕು. ಚೀಟಿಯನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡರೆ ತಪ್ಪೇನೂ ಇಲ್ಲ, ಕೇಳುವವರಿಗೆ ಲಿಪಿ ಕಾಣುವುದಿಲ್ಲ. ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ, ಹೆಚ್ಚೆಂದರೆ ಎರಡು ಇರಲಿ. ಹತ್ತು ಪದ ದಾಟಿದ ವಾಕ್ಯವನ್ನು ಮುರಿದು ಎರಡು ಮಾಡಿ. ಮೊದಲು ಸಭೆಯ ಕಡೆ ನೋಡಿ ಅವರ ಬಗ್ಗೆ 'ಹಿ' ಎಂದು ಹೇಳಿ, ಕೊನೆಗೆ ಅವರ ಕಡೆ ತಿರುಗಿ 'ಯು' ಎನ್ನಿ.

'ಸರ್ ಕೇಮ್ ಟು ಹೊನ್ನಾವರ ತ್ರೀ ಇಯರ್ಸ್ ಅಗೊ. ಹಿ ಡಿಡ್ ನಾಟ್ ನೋ ಕನ್ನಡ. ಹಿ ಲರ್ನ್ಡ್ ಇಟ್ ಅಟ್ ದ ಕೌಂಟರ್, ಫ್ರಂ ಅವರ್ ಕಸ್ಟಮರ್ಸ್. ಇನ್ ಜೂನ್ ದ ಬೋಟ್ಸ್ ಸ್ಟಾಪ್. ಪೀಪಲ್ ಫ್ರಂ ಕಾಸರಕೋಡ್ ಕೇಮ್ ಟು ಹಿಮ್, ವರೀಡ್ ಅಬೌಟ್ ದೇರ್ ಲೋನ್ಸ್. ಹಿ ಆಸ್ಕ್ಡ್ ದೆಮ್ ಟು ಸಿಟ್. ಹಿ ಎಕ್ಸ್‌ಪ್ಲೇನ್ಡ್ ಎವ್ರಿಥಿಂಗ್ ಸ್ಲೋಲಿ. ಹಿ ಈಸ್ ಎ ಪೇಷಂಟ್ ಮ್ಯಾನ್. ಸರ್, ಥ್ಯಾಂಕ್ ಯು. ವಿ ವಿಲ್ ಮಿಸ್ ಯು. ಪ್ಲೀಸ್ ಕಮ್ ಬ್ಯಾಕ್ ಅಂಡ್ ಸೀ ಅಸ್.'

ಇಷ್ಟೇ. ಇದರಲ್ಲಿ ಹೊಗಳಿಕೆಯ ವಾಕ್ಯ ಒಂದೇ ಒಂದು. ಅದನ್ನು ನಂಬುವ ಹಾಗೆ ಮಾಡಿದ್ದು ಅದರ ಹಿಂದಿನ ಜೂನ್ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು, ಆಗ ಬೋಟಿನವರ ಕೈ ಬರಿದಾಗಿ ಸಾಲದ ಕಂತು ಉಳಿಯುವುದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. 'ವೆರಿ ಗುಡ್, ವೆರಿ ಸಿನ್ಸಿಯರ್, ವೆರಿ ಹಾರ್ಡ್‌ವರ್ಕಿಂಗ್' ಎಂದು ಎಲ್ಲ ಸೆಂಡಾಫಿನಲ್ಲೂ ಹೇಳುತ್ತಾರೆ, ಅದು ಯಾರ ನೆನಪಿನಲ್ಲೂ ನಿಲ್ಲುವುದಿಲ್ಲ. ಮಾಡಿದ ಒಂದು ಕೆಲಸವನ್ನು ಊರಿನ ಹೆಸರು, ತಿಂಗಳ ಹೆಸರಿನ ಸಮೇತ ಹೇಳಿದರೆ ನಿಲ್ಲುತ್ತದೆ.

ಆ ಹೊಗಳಿಕೆಯ ವಾಕ್ಯದಲ್ಲಿ 'ವಾಸ್' ಬದಲು 'ಈಸ್' ಹಾಕಿದ್ದು ಬೇಕೆಂದೇ. ಸೆಂಡಾಫ್ ಭಾಷಣ ಕೆಡುವುದು ಹೆಚ್ಚಾಗಿ ಇಲ್ಲಿಯೇ, ತಿಳಿಯದ ಹಾಗೆ ಅದು ಶ್ರದ್ಧಾಂಜಲಿಯಾಗಿಬಿಡುತ್ತದೆ. 'ಹಿ ವಾಸ್ ಎ ಗುಡ್ ಮ್ಯಾನ್' ಎಂದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಆ ಮನುಷ್ಯ ತೀರಿಕೊಂಡ ಹಾಗೆ ಕೇಳುತ್ತದೆ. ಕನ್ನಡದಲ್ಲೂ 'ಬಹಳ ಒಳ್ಳೆಯವರಾಗಿದ್ದರು' ಎಂದರೆ ಹಾಗೆಯೇ ಅಲ್ಲವೇ? ಕೆಲಸ ಭೂತಕಾಲದಲ್ಲಿರಲಿ, ಗುಣ ವರ್ತಮಾನದಲ್ಲಿರಲಿ. 'ಇನ್ನು ನಮ್ಮ ಜೊತೆ ಇರುವುದಿಲ್ಲ' ಎಂಬುದನ್ನು ಪದಕ್ಕೆ ಪದ ಇಟ್ಟು 'ಹಿ ಈಸ್ ನೋ ಮೋರ್ ವಿತ್ ಅಸ್' ಎನ್ನುವುದು ಇನ್ನೂ ಅಪಾಯ. 'ಹಿ ಈಸ್ ನೋ ಮೋರ್' ಎಂಬುದು ಸಾವಿನ ಸುದ್ದಿಗೆ ಬಳಸುವ ಮಾತು.

ಇನ್ನೊಂದು ಎಡವುವ ಜಾಗ 'ರಿಲೀವ್'. ಆದೇಶದಲ್ಲಿ ಅದು ಸರಿಯಾದ ಪದ. ಅಧಿಕಾರಿ ಚಾರ್ಜ್ ಕೊಟ್ಟು ಸಂಜೆ ರಿಲೀವ್ ಆಗುತ್ತಾರೆ. ಆದರೆ ಮೈಕಿನ ಮುಂದೆ 'ವಿ ಆರ್ ರಿಲೀವ್ಡ್' ಎಂದರೆ ಅವರು ಹೋಗುತ್ತಿರುವುದು ನಮಗೆ ನೆಮ್ಮದಿ ತಂದಿದೆ ಎಂದಾಗುತ್ತದೆ. ಈ ಪದವನ್ನು ಫೈಲಿನಲ್ಲೇ ಬಿಟ್ಟು ಬರುವುದು ಒಳ್ಳೆಯದು.

'ಪ್ಲೀಸ್ ಕಮ್ ಬ್ಯಾಕ್' ಎಂಬ ಕೊನೆಯ ವಾಕ್ಯವನ್ನು ದಯವಿಟ್ಟು ಕತ್ತರಿಸಬೇಡಿ. ನಮ್ಮಲ್ಲಿ ಯಾರೂ 'ಹೋಗ್ತೇನೆ' ಎಂದು ಹೇಳಿ ಮೆಟ್ಟಿಲಿಳಿಯುವುದಿಲ್ಲ. 'ಹೋಗಿ ಬರ್ತೇನೆ' ಎನ್ನುತ್ತೇವೆ, ಹವ್ಯಕರ ಮನೆಯಲ್ಲಿ 'ಹೋಗ್ಬತ್ತಿ' ಎನ್ನುತ್ತಾರೆ. ಇಂಗ್ಲಿಷಿನ ಫೇರ್‌ವೆಲ್ ಎಂಬ ಪದದ ಹಳೆಯ ಅರ್ಥ ಸುಖವಾಗಿ ಪ್ರಯಾಣ ಮಾಡು ಎಂದು. ಅದರಲ್ಲಿ ಹೋಗುವುದು ಇದೆ, ಮರಳಿ ಬರುವುದು ಇಲ್ಲ. ನಮ್ಮ ಮಾತಿನ ಆ ಉಳಿದರ್ಧವನ್ನು ಇಂಗ್ಲಿಷಿಗೆ ನಾವೇ ಸೇರಿಸಬೇಕು.

ನಿಮ್ಮ ಶಾಖೆಯಲ್ಲಿ ಮುಂದಿನ ಸಲ ಚೀಟಿ ನಿಮ್ಮ ಕೈಗೆ ಬಂದರೆ, ಇಂಗ್ಲಿಷ್ ಪದಗಳನ್ನು ಹುಡುಕುವ ಮೊದಲು ಹೊರಟವರ ಪಕ್ಕದ ಕೌಂಟರಿನಲ್ಲಿ ಕೂರುವವರನ್ನು ಮಾತಾಡಿಸಿ. ಹೊರಟವರು ಮಾಡಿದ ಯಾವ ಕೆಲಸ ನೆನಪಿದೆ ಎಂದು ಕೇಳಿ, ಅದನ್ನೇ ಬರೆಯಿರಿ.